ಯಾರ ಗಡಿ ಎಂಬ ಗೊಂದಲ: ಒಂದು ಸುಳಿವು ಹುಟ್ಟಿದ ಬಗೆ

ನಿನ್ನ ಪತ್ರ ಓದಿ ಖುಷಿಯಾಯಿತು ಕಣಮ್ಮ. ನಾನು ಕಟ್ಟಿದ ಪದಬಂಧದ ಸುಳಿವಿಗೆ ಉತ್ತರ ಸರಿಯಾಗಿ ಬರೆದಿದ್ದೀಯ, ಆದರೂ "ಮೇಷ್ಟ್ರೇ, ಇದು ಹೇಗೆ ಬಂತು ಅಂತಲೇ ಗೊತ್ತಾಗಲಿಲ್ಲ, ಹೊತ್ತು ಅಂದರೆ ಹೊತ್ತುಕೊಂಡು ಅಂತ ತಾನೆ?" ಅಂತ ಕೇಳಿದ್ದೀಯ. ಆ ಒಂದು ಪದದಲ್ಲೇ ಇರೋದು ಎಲ್ಲ. ಸುಳಿವು ಇನ್ನೊಮ್ಮೆ ಬರೆಯುತ್ತೇನೆ, ಮುಂದಿನದನ್ನು ಓದುವಾಗ ಕಣ್ಣೆದುರಿಗೆ ಇಟ್ಟುಕೋ.

ಯಾರ ಗಡಿ ಎಂಬ ಗೊಂದಲ ಹೊತ್ತು ಹೇಳುವುದು (4)

ಉತ್ತರ ಗಡಿಯಾರ. "ಯಾರ ಗಡಿ" ಅನ್ನೋ ನಾಲ್ಕು ಅಕ್ಷರಗಳೇ ಕಚ್ಚಾ ಸಾಮಾನು: ಯಾ, ರ, ಗ, ಡಿ. "ಗೊಂದಲ" ಅಂದರೆ ಅವುಗಳನ್ನು ಕಲಸು ಅಂತ. ಉಳಿದ "ಹೊತ್ತು ಹೇಳುವುದು" ಅನ್ನೋದು ಅರ್ಥ, ಯಾಕೆಂದರೆ ಹೊತ್ತು ಎಷ್ಟಾಯಿತು ಅಂತ ಹೇಳುವುದು ಗಡಿಯಾರ. ನೀನು ಮಾತ್ರ "ಗೊಂದಲ ಹೊತ್ತು" ಅಂತ ಒಂದೇ ಉಸಿರಿಗೆ ಓದಿದೆ, ತಲೆ ಮೇಲೆ ಭಾರ ಹೊತ್ತ ಹಾಗೆ. ಹಾಗೇ ಓದಬೇಕು ಅಂತಲೇ ಬರೆದದ್ದು. ಸುಳಿವನ್ನು ಎಲ್ಲಿ ಮುರಿಯಬೇಕೋ ಅಲ್ಲಿ ಮುರಿಯೋಕೆ ಮನಸ್ಸು ಬರಬಾರದು. ಎರಡು ತುಂಡುಗಳ ನಡುವಿನ ಗೆರೆ ಗೊಂದಲ ಮತ್ತು ಹೊತ್ತು ಇವೆರಡರ ಮಧ್ಯೆ ಇದೆ, ಓದುವ ಕಣ್ಣು ಅವೆರಡನ್ನೂ ಅಂಟಿಸಿಬಿಡುತ್ತದೆ.

ಇದು ನನಗೆ ಸಿಕ್ಕಿದ್ದು ತರಗತಿಯಲ್ಲಿ. ಯಾವುದೋ ಒಂದು ಮಗುವಿನ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಗೆರೆಯ ಕೊನೆಯಲ್ಲಿ ಜಾಗ ಸಾಲದೆ ಮಗು "ಗಡಿ" ಅಂತ ಬರೆದು, "ಯಾರ" ಅನ್ನೋದನ್ನು ಕೆಳಗಿನ ಗೆರೆಗೆ ತಂದಿತ್ತು. ಕೆಂಪು ಪೆನ್ನು ಹಿಡಿದವನು ಹಾಗೇ ನಿಂತೆ. ಗಡಿ, ಯಾರ. ಯಾರ ಗಡಿ. ಇಷ್ಟು ವರ್ಷ ಆ ಪದ ಬರೆದಿದ್ದೇನೆ, ಹೇಳಿದ್ದೇನೆ, ಅದರೊಳಗೆ ಒಂದು ಪ್ರಶ್ನೆ ಕೂತಿದೆ ಅಂತ ಆವತ್ತಿನವರೆಗೂ ಕಂಡಿರಲಿಲ್ಲ. ತಿದ್ದುವುದು ಮುಗಿದ ಮೇಲೆ ನನ್ನ ಟಿಪ್ಪಣಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ.

ಪದ ಸಿಕ್ಕಿತು, ಆದರೆ ಸುಳಿವು ಆಗೋಕೆ ಬಹಳ ದಿನ ಹಿಡಿಯಿತು. ಮೊದಲು ಬರೆದದ್ದು ಹೀಗೆ: "ಯಾರ ಗಡಿಯನ್ನು ಕದಡಿದರೆ ಸಮಯ ತೋರಿಸುವ ಸಾಧನ". ಇದರಲ್ಲಿ ಎರಡು ತಪ್ಪು ಇವೆ.

ಒಂದು, ಆ "ಯನ್ನು". ಕನ್ನಡದಲ್ಲಿ ವಿಭಕ್ತಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ, ಅಲ್ವಾ? ಕದಡಬೇಕಾದ ಅಕ್ಷರ ನಾಲ್ಕು, ಕಣ್ಣಿಗೆ ಕಾಣೋದು ಆರು. ಬಿಡಿಸುವವರು ಯ, ನ್ನು ಎರಡನ್ನೂ ಎಣಿಸಬೇಕೋ ಬಿಡಬೇಕೋ? ಬಿಡಬೇಕು ಅಂತ ಅವರಿಗೆ ಹೇಳಿದವರು ಯಾರು? ಕದಡುವ ಪದ ಸುಳಿವಿನೊಳಗೆ ಹಾಗೇ, ಬರಿಯಾಗಿ, ಬಾಲವಿಲ್ಲದೆ ನಿಲ್ಲಬೇಕು. ಸಂಧಿಯದ್ದೂ ಇದೇ ತೊಂದರೆ. "ಗಡಿಯೆಂಬ" ಅಂತ ಕೂಡಿಸಿ ಬರೆದರೆ ನಡುವೆ ಒಂದು ಯಕಾರ ಬಂದು ಕೂರುತ್ತದೆ. ಅದಕ್ಕೇ "ಗಡಿ ಎಂಬ" ಅಂತ ಬಿಡಿಸಿ ಬರೆದಿದ್ದೇನೆ.

ಇದಕ್ಕೆ ದಾರಿ ಸಿಕ್ಕಿದ್ದು "ಎಂಬ" ಪದದಿಂದ. ಎಂಬ, ಅಂತ, ಎಂದು, ಈ ಮೂರೂ ಬೇರೆಯವರ ಮಾತನ್ನು ಮುಟ್ಟದೆ ಹಾಗೇ ಎತ್ತಿ ಕೊಡುವ ಪದಗಳು. ತಮ್ಮ ಹಿಂದಿನ ಮಾತಿಗೆ ಯಾವ ಪ್ರತ್ಯಯವನ್ನೂ ಅಂಟಿಸೋದಿಲ್ಲ. "ಯಾರ ಗಡಿ ಎಂಬ ಗೊಂದಲ" ಅಂದಾಗ ಯಾರ ಗಡಿ ಅನ್ನೋದು ಒಂಚೂರೂ ಕೆಡದೆ ಉಳಿಯಿತು, ಮೇಲಾಗಿ ನಾವು ದಿನಾ ಆಡುವ ಮಾತಿನ ಹಾಗೇ ಇತ್ತು. ಆಮೇಲೆ ಕನ್ನಡದಲ್ಲಿ ಯಾವ ಸುಳಿವು ಕಟ್ಟೋಕೆ ಕೂತರೂ ಮೊದಲು ಈ ಮೂರು ಪದಗಳಲ್ಲಿ ಒಂದು ಹೊಂದುತ್ತದಾ ಅಂತ ನೋಡುತ್ತೇನೆ.

ಎರಡನೇ ತಪ್ಪು "ಸಮಯ ತೋರಿಸುವ ಸಾಧನ". ನಿಘಂಟಿನಿಂದ ಕತ್ತರಿಸಿ ಅಂಟಿಸಿದ ಹಾಗಿದೆ. ಅದನ್ನು ನೋಡಿದವರು ಕಲಸೋಕೆ ಹೋಗೋದೇ ಇಲ್ಲ, ನೇರವಾಗಿ ಗಡಿಯಾರ ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ಸಮಯದ ಬದಲು ವೇಳೆ ಹಾಕಿ ನೋಡಿದೆ. ಯಾರ ಗಡಿ ಅಂತ ಜಗಳ ಆಡುವವರ ನಡುವೆ ವೇಳೆ ಯಾಕೆ ಬಂತು? ಹೊಂದಲಿಲ್ಲ. ಕೊನೆಗೆ ಹೊತ್ತು ಅಂತ ಹಾಕಿ ಜೋರಾಗಿ ಓದಿದೆ. "ಗೊಂದಲ ಹೊತ್ತು ಹೇಳುವುದು." ಆಗ ಎರಡೂ ಕಡೆ ಕೂಡಿಕೊಂಡಿತು. ಹೊತ್ತು ಅಂದರೆ ಕಾಲ, ಹೊತ್ತು ಅಂದರೆ ಹೊರೆ ಎತ್ತಿಕೊಂಡು. ಒಂದೇ ಬರಹ, ಒಂದೇ ಉಚ್ಚಾರ. ಸುಳಿವಿನ ಮೇಲ್ನೋಟದ ಕಥೆಗೆ ಎರಡನೇ ಅರ್ಥ ಬೇಕು, ಉತ್ತರಕ್ಕೆ ಮೊದಲನೇ ಅರ್ಥ ಬೇಕು.

"ಹೇಳುವುದು" ಅಂತಲೇ ಯಾಕೆ, "ಹೇಳುತ್ತದೆ" ಅಂತ ಯಾಕಿಲ್ಲ ಅಂತ ನಿನಗೆ ಅನಿಸಿರಬಹುದು. ಗಡಿಯಾರ ನಾಮಪದ. ಸುಳಿವಿನ ಅರ್ಥದ ತುಂಡನ್ನು ತೆಗೆದು ಆ ಜಾಗದಲ್ಲಿ ಉತ್ತರ ಇಟ್ಟರೆ ಕೂರಬೇಕು. ಹೊತ್ತು ಹೇಳುವುದು, ಅಂದರೆ ಹೇಳುವಂಥದ್ದು, ಅದರ ಜಾಗಕ್ಕೆ ಗಡಿಯಾರ ಸರಿಯಾಗಿ ಕೂರುತ್ತದೆ. ಹೊತ್ತು ಹೇಳುತ್ತದೆ ಅಂದರೆ ಅದು ಕ್ರಿಯೆ, ಕೂರೋದಿಲ್ಲ.

ಇನ್ನು ಕಲಸಿದ ಅಕ್ಷರದಿಂದ ಬೇರೆ ಪದವೂ ಆಗುತ್ತದಾ ಅಂತ ನೋಡಬೇಕಲ್ಲ. ನಾಲ್ಕು ಬೇರೆ ಬೇರೆ ಅಕ್ಷರ ಇದ್ದರೆ 24 ಥರ ಜೋಡಿಸಬಹುದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆ, ಒಂಟಿ ಪದವಾಗಿ ನಿಂತದ್ದು ಗಡಿಯಾರ ಒಂದೇ. ನಿನಗೆ ಮೇಲಿನಿಂದ ಇಳಿದು ಬಂದ ಪದದಿಂದ ಎರಡನೇ ಮನೆಗೆ ಡಿ ಸಿಕ್ಕಿತ್ತು ಅಂತ ಬರೆದಿದ್ದೀಯ. ಅಲ್ಲಿಗೆ ಉಳಿದದ್ದು ಆರೇ: ಗಡಿಯಾರ, ಗಡಿರಯಾ, ಯಾಡಿಗರ, ಯಾಡಿರಗ, ರಡಿಗಯಾ, ರಡಿಯಾಗ. ಕಣ್ಣಾಡಿಸಿದರೆ ಸಾಕು. ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಗುಣಿತ ಒತ್ತು ಎಲ್ಲ ಸೇರಿ. ಅದಕ್ಕೇ ಲೆಕ್ಕ ಇಷ್ಟು ಚಿಕ್ಕದು. ಗಡಿಯಾರವನ್ನು ವರ್ಣ ವರ್ಣವಾಗಿ ಬಿಡಿಸಿದರೆ ಎಂಟು ಆಗುತ್ತದೆ, ಗ್ ಅ ಡ್ ಇ ಯ್ ಆ ರ್ ಅ, ಅದರಲ್ಲಿ ಅಕಾರ ಎರಡು ಸಲ. ಹಾಗೆ ಕಲಸಿದರೆ 20,160 ಜೋಡಣೆ. ಯಾರ ತಲೆಯಲ್ಲೂ ಅದು ನಿಲ್ಲೋದಿಲ್ಲ, ಬಿಡಿಸುವವರಿಗೆ ಅನ್ಯಾಯ.

ಈ ಸುಳಿವಿನಲ್ಲಿ ಒಂದು ಕೊರತೆ ಇದೆ, ಅದನ್ನೂ ಹೇಳುತ್ತೇನೆ. ಅಕ್ಷರಗಳು ನಿಜವಾಗಿ ಚೆಲ್ಲಾಪಿಲ್ಲಿ ಆಗಿಲ್ಲ. ಯಾರ ಒಂದು ತುಂಡು, ಗಡಿ ಒಂದು ತುಂಡು, ಎರಡೂ ಜಾಗ ಬದಲಾಯಿಸಿವೆ ಅಷ್ಟೇ. ಬರೀ ಬಲದಿಂದ ಎಡಕ್ಕೆ ಓದುವಂಥದ್ದಾಗಿದ್ದರೆ ಗೊಂದಲ ಅನ್ನೋದು ಸರಿಯಾದ ಪದ ಆಗುತ್ತಿರಲಿಲ್ಲ. ಜನಕ ಹಿಂದುಮುಂದಾದರೆ ಕನಜ ಆಗುತ್ತಲ್ಲ, ಅಲ್ಲಿ "ತಿರುಗಿ", "ಹಿಂದಕ್ಕೆ" ಅಂತ ಹೇಳೋದೇ ನ್ಯಾಯ. ರಮಣ ಮರಣ ಆದಾಗ, ಮದನ ದಮನ ಆದಾಗ ಗೊಂದಲ ಅನ್ನಬಹುದು. ಇಲ್ಲಿ ಗೊಂದಲ ತಪ್ಪಲ್ಲ, ಆದರೆ ಕಲಸಿದ್ದು ಕಡಿಮೆ. ಅದನ್ನು ನಾನು ಒಪ್ಪಿಕೊಂಡದ್ದು ಯಾಕೆಂದರೆ "ಯಾರ ಗಡಿ" ಅಂತ ಓದಿದಾಗ ಯಾರಿಗೂ ಗಡಿಯಾರ ಕೇಳಿಸೋದಿಲ್ಲ. ಯಾರ ಅನ್ನೋ ಪ್ರಶ್ನೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಈಗ ನೀನು ಕಟ್ಟಿ ಕಳಿಸಿದ ಸುಳಿವಿಗೆ ಬರೋಣ. "ಕನಸು ಕದಡಿದಾಗ ಬೆಳಗಿನ ಜಾವ (3)", ಉತ್ತರ ನಸುಕು. ಓದಿದ ತಕ್ಷಣ ಎಷ್ಟು ಚೆನ್ನಾಗಿದೆ ಅನಿಸಿತು. ಕನಸು ಕದಡೋದೂ ನಿಜ, ಆಗ ನಸುಕು ಹರಿಯೋದೂ ನಿಜ, ಬಾಲದ ತೊಂದರೆಯೂ ಇಲ್ಲ. ಆದರೆ ಮನೆಗಳಲ್ಲಿ ಬರೆದು ನೋಡು. ಕನಸು ಅಂದರೆ ಕ, ನ, ಸು. ನಸುಕು ಅಂದರೆ ನ, ಸು, ಕು. ನಿನ್ನ ಹತ್ತಿರ ಇರೋದು ಕ, ಬೇಕಾದ್ದು ಕು. ಒಂದು ಕೊಂಬು ಹೆಚ್ಚಾಯಿತು. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ, ಅದಕ್ಕೇ ಜಾರುತ್ತೇವೆ. ವಾಲ್ಮೀಕಿ ಮರಾ ಮರಾ ಅಂದದ್ದು ರಾಮ ಆಯಿತು ಅಂತಾರಲ್ಲ, ಅದು ಸರಿ ಹೋಗೋದು ಯಾಕೆಂದರೆ ರಾ ರಾ ಆಗಿಯೇ ಉಳಿಯಿತು, ಮ ಮ ಆಗಿಯೇ ಉಳಿಯಿತು. ಅದೇ ಮಾರ ಅಂತ ತೆಗೆದುಕೊಂಡರೆ ರಾಮ ಆಗೋದಿಲ್ಲ, ದೀರ್ಘ ಒಂದು ಅಕ್ಷರದಿಂದ ಇನ್ನೊಂದಕ್ಕೆ ಹಾರಬೇಕಾಗುತ್ತದೆ.

ನನ್ನ ಕೆಲಸದ ಹಾಳೆಯಲ್ಲಿ ಮೊದಲು ಮನೆಗಳನ್ನು ಎಳೆಯುತ್ತೇನೆ, ಅಕ್ಷರ ಒಂದೊಂದಾಗಿ ಹೊಡೆದು ಹಾಕುತ್ತಾ ಬರುತ್ತೇನೆ, ಕೊನೆಗೆ ಒಂದೂ ಉಳಿಯಬಾರದು. ಹೀಗೆ ಮಾಡಿದರೆ ನಿನಗೂ ಆ ಕೊಂಬು ಸಿಕ್ಕಿಬೀಳುತ್ತಿತ್ತು. ನಸುಕು, ಬೆಳಕು ಥರ ಉಕಾರದಲ್ಲಿ ಮುಗಿಯುವ ಪದಗಳಿಗೆ ಜೋಡಿ ಸಿಗೋದು ಕಷ್ಟ. ಆ ಕೊನೆಯ ಕು ಇನ್ನೊಂದು ಪದದ ಮೊದಲಿಗೋ ನಡುವಿಗೋ ಹೋಗಿ ಹೊಂದಬೇಕಲ್ಲ. ಒತ್ತಕ್ಷರ ಇದ್ದರೆ ಇನ್ನೂ ಕಷ್ಟ, ಪುಸ್ತಕದ ಸ್ತ ಎಲ್ಲಿಂದ ತರ್ತೀಯ? ನೀನು ಮೊದಲು ಬರೀ ಅಕಾರದ ಪದಗಳಿಂದ ಶುರು ಮಾಡು, ಮೂರಕ್ಷರದವು. ಆರೇ ಜೋಡಣೆ, ಬಸ್ಸಿನಲ್ಲಿ ಕೂತೇ ಮಾಡಬಹುದು.

ವಿಭಕ್ತಿ ಯಾವಾಗಲೂ ಕಾಟ ಕೊಡುತ್ತದೆ ಅಂತಲೂ ಅಂದುಕೊಳ್ಳಬೇಡ. ಕೆಲವೊಮ್ಮೆ ಅದನ್ನೇ ಸೇರಿಸಿ ಕಲಸಬಹುದು, ಆಗ ಸುಳಿವು ಇನ್ನೂ ಸಲೀಸಾಗಿ ಮಾತಿನ ಹಾಗೆ ಓದಿಸಿಕೊಳ್ಳುತ್ತದೆ. ಮೊನ್ನೆ ಅಂಥದ್ದೊಂದು ಕಟ್ಟಿದ್ದೇನೆ, ಇನ್ನೂ ಯಾರಿಗೂ ತೋರಿಸಿಲ್ಲ. ಬಿಡಿಸಿ, ಗೆರೆ ಎಲ್ಲಿ ಹಾಕಿದೆ ಅಂತಲೂ ಬರೆದು ಕಳಿಸು.

ಚದುರಿದ ಮಗನ ಲಕ್ಷ್ಯ (3)