ಬೇಯಿಸಿದ ಬೇಳೆಯನ್ನು ತೂಗಿ ಪ್ರೋಟೀನ್ ಲೆಕ್ಕ ಹಾಕುವವರಿಗೆ ಒಂದು ಸಲಹೆ

ಪೊಟ್ಟಣದ ಮೇಲೆ ಮುದ್ರಿತವಾಗಿರುವ ಪ್ರೋಟೀನ್ ಪ್ರಮಾಣವು ಸಾಮಾನ್ಯವಾಗಿ ಹಸಿ ಬೇಳೆಗೆ ಸಂಬಂಧಿಸಿದ್ದು. ಅದನ್ನು ಬೆಂದ ಬೇಳೆಯ ತೂಕಕ್ಕೆ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ನಮ್ಮ ಮನೆಯಲ್ಲಿ ನಾಲ್ವರಿಗೆ 150 ಗ್ರಾಂ ತೊಗರಿಬೇಳೆ ಹಾಕುತ್ತೇವೆ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡು, ಬೆಂದ ಮೇಲೆ ಅದನ್ನು ಕಳೆದಾಗ 600 ಗ್ರಾಂ ಬಂದಿತು, ಅಂದರೆ ನಾಲ್ಕು ಪಟ್ಟು. ಹಾಗಾಗಿ ತಟ್ಟೆಗೆ ಬಡಿಸಿಕೊಂಡ 150 ಗ್ರಾಂನಲ್ಲಿ ಇದ್ದದ್ದು ಸುಮಾರು 38 ಗ್ರಾಂ ಹಸಿ ಬೇಳೆ, ಪ್ರೋಟೀನ್ ಸುಮಾರು 8 ಗ್ರಾಂ. ಹಸಿ ಬೇಳೆಯೆಂದೇ ತಿಳಿದಿದ್ದರೆ 33 ಗ್ರಾಂ ಎಂದು ಬರೆದುಕೊಳ್ಳುತ್ತಿದ್ದೆವು. ಅದೇ ಬೇಳೆಗೆ ನೀರು ಬೆರೆಸಿ 900 ಗ್ರಾಂ ತಿಳಿಸಾರು ಮಾಡಿದರೆ, ಬಡಿಸಿಕೊಂಡ 150 ಗ್ರಾಂ ಸಾರಿನಲ್ಲಿ 25 ಗ್ರಾಂ ಹಸಿ ಬೇಳೆ ಮಾತ್ರ ಉಳಿಯುತ್ತದೆ. ಆದ್ದರಿಂದ ಬೇಳೆಗೆ ಸ್ಥಿರವಾದ ಗುಣಕವನ್ನು ನಂಬದೆ, ಪ್ರತಿ ಸಲವೂ ಪಾತ್ರೆಯನ್ನೇ ತೂಗುವುದು ಒಳ್ಳೆಯದು. (ತಳದಲ್ಲಿ ಕೂತ ಬೇಳೆಯನ್ನು ಕಲಕದೆ ಬಡಿಸಿದರೆ ಈ ಲೆಕ್ಕವೂ ಕೆಡುತ್ತದೆ.)

ಅನ್ನ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಪಟ್ಟು, ಪಾಸ್ತಾ ಎರಡು ಪಟ್ಟಿಗಿಂತ ತುಸು ಹೆಚ್ಚು ತೂಗುತ್ತದೆ.

ಮಾಂಸದ್ದು ಇದಕ್ಕೆ ವಿರುದ್ಧ. ಮೂಳೆಯಿಲ್ಲದ 500 ಗ್ರಾಂ ಕೋಳಿಮಾಂಸವನ್ನು ಹುರಿದಾಗ ನೀರು ಹೊರಬಂದು ಸುಮಾರು 375 ಗ್ರಾಂ ಆಗುತ್ತದೆ, ಪ್ರೋಟೀನ್ ಮಾತ್ರ ಬಹುಪಾಲು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬೆಂದ 100 ಗ್ರಾಂ ತುಂಡುಗಳನ್ನು 133 ಗ್ರಾಂ ಹಸಿ ಮಾಂಸವೆಂದು ಎಣಿಸಬೇಕು.