ಟ್ಯಾಗ್, ಇಂಡೆಕ್ಸ್, ಆಫ್‌ಸೆಟ್: ಎಂಟು ವಿಳಾಸಗಳನ್ನು ಕೈಯಲ್ಲೇ ಬಿಡಿಸುವ ಬಗೆ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಡೈರೆಕ್ಟ್ ಮ್ಯಾಪ್ಡ್ ಕ್ಯಾಶ್, ಅಂದರೆ ಮೆಮೊರಿಯ ಪ್ರತಿ ಬ್ಲಾಕಿಗೂ ಒಂದೇ ನಿಗದಿತ ಜಾಗ ಇರುವ ಚಿಕ್ಕ, ವೇಗದ ಮೆಮೊರಿ, ಹೇಳಿಕೊಡುವಾಗ ನಾನು ಕಿಲೋಬೈಟ್‌ಗಳ ಲೆಕ್ಕಕ್ಕೆ ಹೋಗುವುದಿಲ್ಲ. ಕ್ಯಾಶ್ 64 ಬೈಟ್, ಒಂದು ಬ್ಲಾಕ್ 8 ಬೈಟ್, ಮೆಮೊರಿ 1024 ಬೈಟ್, ಪ್ರತಿ ಬೈಟ್‌ಗೂ ಒಂದು ವಿಳಾಸ. ಇಷ್ಟು ಚಿಕ್ಕದಿದ್ದರೆ ಇಡೀ ಕ್ಯಾಶನ್ನೇ ಬೋರ್ಡ್ ಮೇಲೆ ಎಂಟು ಸಾಲಿನಲ್ಲಿ ಬರೆದು, ಯಾವ ಸಾಲಿನಲ್ಲಿ ಏನು ಬಂತು, ಏನು ಹೋಯಿತು ಅಂತ ಅಳಿಸಿ ಬರೆದು ತೋರಿಸಬಹುದು. ದೊಡ್ಡ ಕ್ಯಾಶ್‌ನಲ್ಲೂ ನಡೆಯುವುದು ಇದೇ, ಬಿಟ್‌ಗಳ ಸಂಖ್ಯೆ ಮಾತ್ರ ಹೆಚ್ಚು.

ಮೊದಲು ಬಿಟ್‌ಗಳನ್ನು ಹಂಚಬೇಕು. ಇದನ್ನು ಯಾವಾಗಲೂ ಬಲಗಡೆಯಿಂದಲೇ ಶುರು ಮಾಡಿ. ಬ್ಲಾಕ್ ಒಳಗೆ 8 ಬೈಟ್ ಇವೆ, ಅವುಗಳಲ್ಲಿ ಒಂದನ್ನು ಆರಿಸಲು 3 ಬಿಟ್ ಬೇಕು: ಅದು ಆಫ್‌ಸೆಟ್. 64 ಬೈಟನ್ನು 8ರಿಂದ ಭಾಗಿಸಿದರೆ 8 ಲೈನ್, ಅದಕ್ಕೆ ಇನ್ನು 3 ಬಿಟ್: ಅದು ಇಂಡೆಕ್ಸ್. 1024 ಬೈಟ್ ಮೆಮೊರಿಗೆ ವಿಳಾಸ 10 ಬಿಟ್. ಎಡಗಡೆ ಉಳಿದ 4 ಬಿಟ್ ಟ್ಯಾಗ್, ಲೈನಿನಲ್ಲಿರುವುದು ಯಾವ ಬ್ಲಾಕ್ ಅಂತ ಗುರುತಿಸುವುದು ಅದೇ. ಟ್ಯಾಗನ್ನು ನೇರವಾಗಿ ಲೆಕ್ಕ ಹಾಕಲು ಹೋಗಬೇಡಿ, ಉಳಿದದ್ದೇ ಟ್ಯಾಗ್ ಅಂತ ಇಟ್ಟುಕೊಂಡರೆ ತಪ್ಪುವುದಿಲ್ಲ.

ಇಲ್ಲಿ ಬಹಳ ಜನ ಎಡವುವುದು ಪ್ರಶ್ನೆಯಲ್ಲಿ ವಿಳಾಸ ಬೈಟಿನದೋ ವರ್ಡಿನದೋ ಅಂತ ನೋಡದೆ. 4 ಬೈಟಿನ ವರ್ಡ್‌ಗೆ ಒಂದು ವಿಳಾಸ ಅಂತ ಕೊಟ್ಟಿದ್ದರೆ ಇದೇ ಬ್ಲಾಕ್‌ನಲ್ಲಿ ಇರುವುದು ಎರಡೇ ವರ್ಡ್, ಆಫ್‌ಸೆಟ್ ಒಂದೇ ಬಿಟ್. ಅದು ತಪ್ಪಿದರೆ ಇಂಡೆಕ್ಸೂ ಟ್ಯಾಗೂ ಜಾಗ ಸರಿದು, ಮುಂದಿನದೆಲ್ಲ ಕೆಡುತ್ತದೆ. ಆಮೇಲೆ, 64 ಬೈಟ್ ಅಂದರೆ ಅದು ಡೇಟಾ ಮಾತ್ರ. ಪ್ರತಿ ಲೈನಿಗೆ 64 ಬಿಟ್ ಡೇಟಾ, 4 ಬಿಟ್ ಟ್ಯಾಗ್, ಲೈನಿನಲ್ಲಿ ನಿಜವಾದ ಡೇಟಾ ಇದೆಯೋ ಇಲ್ಲವೋ ಅಂತ ಹೇಳುವ 1 ವ್ಯಾಲಿಡ್ ಬಿಟ್ ಸೇರಿ 69 ಬಿಟ್. ಒಟ್ಟು 552 ಬಿಟ್ ಸಂಗ್ರಹ ಬೇಕು, 512 ಅಲ್ಲ.

ಈಗ ಪ್ರೊಸೆಸರ್ 12, 72, 76, 80, 200, 79, 84, 200 ಎಂಬ ವಿಳಾಸಗಳನ್ನು ಇದೇ ಕ್ರಮದಲ್ಲಿ ಓದುತ್ತದೆ ಅಂದುಕೊಳ್ಳಿ. ಹಿಟ್ಟೋ ಮಿಸ್ಸೋ, ಅಂದರೆ ಕೇಳಿದ್ದು ಕ್ಯಾಶ್‌ನಲ್ಲಿ ಇದೆಯೋ ಇಲ್ಲವೋ ಅಂತ ಯೋಚಿಸುವ ಮೊದಲೇ ಎಲ್ಲವನ್ನೂ ಬೈನರಿಗೆ ತಿರುಗಿಸಿ, 4, 3, 3 ಅಂತ ಬಿಡಿಸಿ ಬರೆದುಕೊಳ್ಳುತ್ತೇನೆ:

```
 12   0000 001 100
 72   0001 001 000
 76   0001 001 100
 80   0001 010 000
200   0011 001 000
 79   0001 001 111
 84   0001 010 100
200   0011 001 000
```

ಕ್ಯಾಶ್ ಪೂರ್ತಿ ಖಾಲಿ, ಎಲ್ಲ ವ್ಯಾಲಿಡ್ ಬಿಟ್‌ಗಳೂ 0. ಮೊದಲು 12. ಇಂಡೆಕ್ಸ್ 1, ಟ್ಯಾಗ್ 0. ಲೈನ್ 1ರ ಟ್ಯಾಗ್ ಜಾಗದಲ್ಲಿ ಸೊನ್ನೆಗಳೇ ಇದ್ದರೆ ಟ್ಯಾಗ್ ಹೊಂದಿತು, ಹಿಟ್ ಅಂತ ಬರೆಯುವವರಿದ್ದಾರೆ. ಆದರೆ ವ್ಯಾಲಿಡ್ ಬಿಟ್ 0 ಇದೆ, ಅಲ್ಲಿರುವ ಸೊನ್ನೆಗೆ ಅರ್ಥವೇ ಇಲ್ಲ. ಇದು ಮಿಸ್. ಸರಣಿಯ ಮೊದಲಿಗೇ ಟ್ಯಾಗ್ 0 ಇರುವ ವಿಳಾಸ ಇಟ್ಟಿರುವುದು ಇದಕ್ಕಾಗಿಯೇ. ವ್ಯಾಲಿಡ್ ಬಿಟ್ ಯಾಕೆ ಬೇಕು ಅನ್ನುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಮಿಸ್ ಆದಾಗ ಬರುವುದು ಕೇಳಿದ ಒಂದು ಬೈಟ್ ಅಲ್ಲ, 8ರಿಂದ 15ರವರೆಗಿನ ಇಡೀ ಬ್ಲಾಕ್. ಲೈನ್ 1ರಲ್ಲಿ ವ್ಯಾಲಿಡ್ 1, ಟ್ಯಾಗ್ 0 ಅಂತ ಬರೆಯಿರಿ.

72ಕ್ಕೂ ಇಂಡೆಕ್ಸ್ 1. ವ್ಯಾಲಿಡ್ ಸರಿ ಇದೆ, ಆದರೆ ಒಳಗಿನ ಟ್ಯಾಗ್ 0, ಬಂದಿರುವ ಟ್ಯಾಗ್ 1. ಮಿಸ್. ಹಳೇ ಬ್ಲಾಕ್ ಹೋಗಿ 72ರಿಂದ 79ರವರೆಗಿನದು ಬಂತು. 76 ಅದೇ ಬ್ಲಾಕ್‌ನಲ್ಲಿದೆ, ಟ್ಯಾಗ್ ಹೊಂದುತ್ತದೆ, ಹಿಟ್. ಆಫ್‌ಸೆಟ್ ಬದಲಾದರೆ ಹಿಟ್‌ಗೆ ಏನೂ ಆಗುವುದಿಲ್ಲ. ಅದು ಬ್ಲಾಕಿನೊಳಗೆ ಎಷ್ಟನೇ ಬೈಟ್ ಅಂತಷ್ಟೇ ಹೇಳುತ್ತದೆ. 80ಕ್ಕೆ ಇಂಡೆಕ್ಸ್ 2, ಆ ಲೈನ್ ಖಾಲಿ, ಮಿಸ್.

200ಕ್ಕೆ ಮತ್ತೆ ಇಂಡೆಕ್ಸ್ 1, ಟ್ಯಾಗ್ 3. ಒಳಗಿರುವುದು 1. ಮಿಸ್, 72ರ ಬ್ಲಾಕ್ ಹೊರಗೆ. ಈ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಇನ್ನೂ ಆರು ಲೈನ್ ಖಾಲಿ ಬಿದ್ದಾವಲ್ಲ, ಅಲ್ಲೆಲ್ಲಾದ್ರೂ ಇಡಬಹುದಿತ್ತಲ್ಲ?" ಒಳ್ಳೇ ಪ್ರಶ್ನೆ. ಬೇರೆ ಕಡೆ ಇಟ್ಟರೆ ಮುಂದಿನ ಸಲ ಹುಡುಕಲು ಎಂಟೂ ಲೈನಿನ ಟ್ಯಾಗ್‌ಗಳನ್ನು ಹೋಲಿಸಬೇಕು, ಎಂಟು ಕಂಪ್ಯಾರೇಟರ್ ಬೇಕು. ಡೈರೆಕ್ಟ್ ಮ್ಯಾಪ್ಡ್‌ನಲ್ಲಿ ಇಂಡೆಕ್ಸ್ ಒಂದೇ ಲೈನನ್ನು ತೋರಿಸುತ್ತದೆ, ಒಂದೇ ಕಂಪ್ಯಾರೇಟರ್ ಸಾಕು. ಆ ಉಳಿತಾಯಕ್ಕೆ ಕೊಡುವ ಬೆಲೆಯೇ ಈ ಮಿಸ್.

ಬೆಲೆ ಎಷ್ಟು ಅನ್ನುವುದು ತಕ್ಷಣ ಗೊತ್ತಾಗುತ್ತದೆ. 79 ಸ್ವಲ್ಪ ಹೊತ್ತಿನ ಮುಂಚೆ ಕ್ಯಾಶ್‌ನಲ್ಲೇ ಇತ್ತು, ಈಗ ಲೈನ್ 1ರಲ್ಲಿ ಟ್ಯಾಗ್ 3 ಕೂತಿದೆ, ಹಾಗಾಗಿ ಮಿಸ್. ಟ್ಯಾಗ್ ಮತ್ತೆ 1 ಆಯಿತು. 84 ಲೈನ್ 2ರಲ್ಲಿ ಯಾರೂ ಮುಟ್ಟದೆ ಉಳಿದ 80ರ ಬ್ಲಾಕಿನದು, ಹಿಟ್. ಕೊನೆಯ 200 ಮತ್ತೆ ಮಿಸ್.

ಎಂಟರಲ್ಲಿ ಎರಡು ಹಿಟ್, ಆರು ಮಿಸ್. ಈ ಆರನ್ನು ಒಂದೇ ರಾಶಿಗೆ ಹಾಕಬೇಡಿ. 12, 72, 80, ಮೊದಲ ಸಲದ 200: ಈ ನಾಲ್ಕು ಬ್ಲಾಕ್‌ಗಳನ್ನು ಹಿಂದೆ ಯಾರೂ ಕೇಳಿರಲಿಲ್ಲ, ಇದೇ ಬ್ಲಾಕ್ ಗಾತ್ರದ ಯಾವ ಕ್ಯಾಶ್ ಇದ್ದರೂ ಮಿಸ್ ಆಗುತ್ತಿತ್ತು. 79 ಮತ್ತು ಕೊನೆಯ 200 ಮಾತ್ರ ಜಾಗದ ಜಗಳದ ಮಿಸ್‌ಗಳು, ಅಂದರೆ ಕಾನ್‌ಫ್ಲಿಕ್ಟ್ ಮಿಸ್. ಇದೇ 64 ಬೈಟನ್ನು ಟೂ ವೇ ಸೆಟ್ ಅಸೋಸಿಯೇಟಿವ್ ಮಾಡಿ, ಅಂದರೆ ಎರಡೆರಡು ಲೈನ್ ಸೇರಿಸಿ ಒಂದು ಸೆಟ್ ಮಾಡಿ, ಬಹಳ ಹೊತ್ತಿನಿಂದ ಬಳಸದ ಬ್ಲಾಕನ್ನು ತೆಗೆಯುತ್ತಾ ಹೋದರೆ, ಸೆಟ್ ನಾಲ್ಕು, ಇಂಡೆಕ್ಸ್ 2 ಬಿಟ್, ಟ್ಯಾಗ್ 5 ಬಿಟ್. ಆಗ 200 ಬಂದಾಗ ಹೊರಗೆ ಹೋಗುವುದು 12ರ ಬ್ಲಾಕ್, 72ರದು ಉಳಿಯುತ್ತದೆ, ಆ ಎರಡೂ ಮಿಸ್‌ಗಳು ಹಿಟ್ ಆಗುತ್ತವೆ. ಕೈಯಲ್ಲಿ ಮಾಡಿ ನೋಡಿ.

ಲೆಕ್ಕ ತಾಳೆ ನೋಡಲು ಬೈನರಿಯೇ ಬೇಕಿಲ್ಲ. ವಿಳಾಸವನ್ನು 8ರಿಂದ ಭಾಗಿಸಿದರೆ ಭಾಗಲಬ್ಧ ಬ್ಲಾಕ್ ಸಂಖ್ಯೆ. ಅದನ್ನು ಮತ್ತೆ 8ರಿಂದ ಭಾಗಿಸಿದರೆ ಶೇಷ ಇಂಡೆಕ್ಸ್, ಭಾಗಲಬ್ಧ ಟ್ಯಾಗ್. 200 ÷ 8 = 25; 25ರಲ್ಲಿ ಭಾಗಲಬ್ಧ 3, ಶೇಷ 1. ಪ್ರೋಗ್ರಾಂನಲ್ಲಾದರೆ:

```
block = addr >> 3
index = block & 7
tag   = block >> 3
```

ಇಂಡೆಕ್ಸನ್ನು ನಡುವಿನ ಬಿಟ್‌ಗಳಿಂದಲೇ ಯಾಕೆ ತೆಗೆಯಬೇಕು, ಎಡಗಡೆಯ ಮೂರರಿಂದ ಯಾಕಲ್ಲ? ಮೇಲಿನ ಪಟ್ಟಿಯಲ್ಲಿ 72 ಮತ್ತು 80ರ ಎಡಗಡೆಯ ಮೂರು ಬಿಟ್ ನೋಡಿ, ಎರಡೂ 000. ಅಕ್ಕಪಕ್ಕದ ಬ್ಲಾಕ್‌ಗಳೇ ಒಂದೇ ಲೈನಿಗೆ ಬಂದು ಒಂದನ್ನೊಂದು ತಳ್ಳುತ್ತಿದ್ದವು. ಪ್ರೋಗ್ರಾಂಗಳು ಹೆಚ್ಚಾಗಿ ಓದುವುದು ಅಕ್ಕಪಕ್ಕದ್ದನ್ನೇ. ನಡುವಿನ ಬಿಟ್ ಬಳಸಿದರೆ ಸಾಲಾಗಿ ಬರುವ ಎಂಟು ಬ್ಲಾಕ್‌ಗಳು ಎಂಟು ಬೇರೆ ಬೇರೆ ಲೈನಿಗೆ ಹೋಗುತ್ತವೆ.

ಹಾಗಾದರೆ ಜಗಳ ಬೀಳುವುದು ಯಾರ ನಡುವೆ? ವಿಳಾಸಗಳ ಅಂತರ ಕ್ಯಾಶ್ ಗಾತ್ರದ, ಅಂದರೆ ಇಲ್ಲಿ 64ರ, ಗುಣಕವಾಗಿದ್ದರೆ ಇಂಡೆಕ್ಸ್ ಒಂದೇ, ಟ್ಯಾಗ್ ಬೇರೆ. 200 ಮತ್ತು 72ರ ಅಂತರ 128. ಕೋಡ್ ಬರೆಯುವವರಿಗೆ ಇದು ಅರೇಗಳಲ್ಲಿ ಸಿಗುತ್ತದೆ. 4 ಬೈಟಿನ ಸಂಖ್ಯೆಗಳ ಎರಡು ಅರೇ, `A` 128ರಲ್ಲಿ, `B` 256ರಲ್ಲಿ ಶುರುವಾಗಿ, ಲೂಪ್ `A[0]`, `B[0]`, `A[1]`, `B[1]` ಅಂತ ಓದುತ್ತಾ ಹೋದರೆ ಒಂದೇ ಒಂದು ಹಿಟ್ ಸಿಗುವುದಿಲ್ಲ, ಎರಡೂ ಲೈನ್ 0ಕ್ಕೆ, ಆಮೇಲೆ ಲೈನ್ 1ಕ್ಕೆ, ಹೀಗೇ ಜೊತೆಜೊತೆಗೆ ಬಂದು ಬೀಳುತ್ತವೆ. ನಡುವೆ ಬಳಸದ 8 ಬೈಟ್ ಬಿಟ್ಟು `B`ಯನ್ನು 264ಕ್ಕೆ ಸರಿಸಿ. `A[0]` ಲೈನ್ 0ಕ್ಕೆ, `B[0]` ಲೈನ್ 1ಕ್ಕೆ. `A[1]`, `B[1]` ಎರಡೂ ಹಿಟ್. ಮುಂದೆ `A[2]` ಲೈನ್ 1ಕ್ಕೆ ಬರುವ ಹೊತ್ತಿಗೆ ಅಲ್ಲಿದ್ದ `B`ಯ ಬ್ಲಾಕಿನ ಕೆಲಸ ಮುಗಿದಿರುತ್ತದೆ. ಲೂಪ್‌ನಲ್ಲಿ ಒಂದಕ್ಷರ ಬದಲಿಸದೆ ಮಿಸ್ ಅರ್ಧಕ್ಕೆ ಇಳಿಯುತ್ತದೆ.