ಸ್ಲೋ ಮೋಷನ್ ವಿಡಿಯೊ ಮಾಮೂಲಿ ವೇಗಕ್ಕೆ: ಏಳು ಫ್ರೇಮ್ ಎಸೆಯುವ ಬದಲು

ಅಕ್ಕನ ಮಗಳು ಒಂದೂ ತಪ್ಪದೆ ಇಪ್ಪತ್ತು ದಾಟಿ ಹಗ್ಗ ಜಿಗಿದದ್ದು ಅದೇ ಮೊದಲು. ಪಡಸಾಲೆಯಲ್ಲಿ ಬೆಳಗಿನ ಬಿಸಿಲು ತುಂಬಿತ್ತು, ನಾನು ಫೋನ್ ಹಿಡಿದು ನಿಂತಿದ್ದೆ, ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ನೋಡಿದರೆ ಫೋನ್ ಹಿಂದಿನ ದಿನದ ಸ್ಲೋ ಮೋಷನ್‌ನಲ್ಲೇ ಉಳಿದುಬಿಟ್ಟಿತ್ತು. ಹುಡುಗಿ ನೀರಿನೊಳಗೆ ಮುಳುಗಿದವಳಂತೆ ತೇಲಿ ತೇಲಿ ಇಳಿಯುತ್ತಿದ್ದಳು. "ಇನ್ನೊಂದು ಸಲ ಜಿಗಿಯುತ್ತೀಯಾ?" ಎಂದು ಕೇಳಿದ್ದಕ್ಕೆ, "ಮಾಮಾ, ಕಾಲು ನೋಯುತ್ತಿದೆ" ಎಂದು ಒಳಗೆ ಹೋದಳು. ಇದ್ದ ವಿಡಿಯೊವನ್ನೇ ಮಾಮೂಲಿ ವೇಗಕ್ಕೆ ತರುವುದು ನನ್ನ ಪಾಲಿಗೆ ಬಂತು.

ಐದು ನಿಮಿಷದ ಕೆಲಸವೆಂದುಕೊಂಡಿದ್ದೆ. ಮೂರು ಸಂಜೆ ಹಿಡಿಯಿತು. ವೇಗ ಹೆಚ್ಚಿಸುವುದು ಕಷ್ಟವಲ್ಲ. ಹೆಚ್ಚಿಸಿದ ಮೇಲೆ ಚಿತ್ರ ಮುಗ್ಗರಿಸುತ್ತಿತ್ತು. ಆ ಮುಗ್ಗರಿಕೆ ಒಂದೇ ಬಗೆಯದಲ್ಲ ಎಂಬುದು ತಿಳಿಯಲು ಎರಡು ಸಂಜೆ ಕಳೆಯಿತು.

ಮೊದಲು ತಿಳಿಯಬೇಕಾದದ್ದು ಕಡತದೊಳಗೆ ಏನಿದೆ ಎಂಬುದು. ಫೋನ್‌ಗಳು ಸ್ಲೋ ಮೋಷನ್ ಅನ್ನು ಎರಡು ರೀತಿಯಲ್ಲಿ ಉಳಿಸುತ್ತವೆ. ಕೆಲವು ಸೆಕೆಂಡಿಗೆ 240 ಫ್ರೇಮ್‌ಗಳನ್ನು ಹಾಗೆಯೇ, ನಿಜವಾದ ಸಮಯದಲ್ಲೇ ಬರೆದಿಟ್ಟು, ನಿಧಾನವಾಗಿ ತೋರಿಸುವ ಕೆಲಸವನ್ನು ಗ್ಯಾಲರಿಗೆ ಬಿಡುತ್ತವೆ. ಐಫೋನ್ ಹೀಗೆಯೇ ಮಾಡುತ್ತದೆ. ಅಲ್ಲಿ ಫೋಟೋಸ್ ಆ್ಯಪ್‌ನ ಎಡಿಟ್‌ಗೆ ಹೋಗಿ, ನಿಧಾನದ ಭಾಗವನ್ನು ಗುರುತಿಸುವ ಎರಡು ಗೆರೆಗಳನ್ನು ಒಂದಕ್ಕೊಂದು ತಾಗುವಂತೆ ಸರಿಸಿದರೆ ವಿಡಿಯೊ ಮಾಮೂಲಿ ವೇಗಕ್ಕೆ ಬರುತ್ತದೆ, ದನಿಯೂ ಉಳಿಯುತ್ತದೆ. ಇನ್ನು ಕೆಲವು ಫೋನ್‌ಗಳು ಅದೇ 240 ಫ್ರೇಮ್‌ಗಳನ್ನು ಎಂಟು ಪಟ್ಟು ಹಿಗ್ಗಿಸಿ, 30 ಫ್ರೇಮ್‌ನ ಸಾಮಾನ್ಯ ವಿಡಿಯೊದಂತೆ ಬರೆದುಬಿಡುತ್ತವೆ. ನನ್ನದು ಈ ಜಾತಿಯದು. ಕಂಪ್ಯೂಟರಿಗೆ ಹಾಕಿಕೊಂಡು, `ffmpeg` ಎಂಬ ಉಚಿತ ವಿಡಿಯೊ ತಂತ್ರಾಂಶದ ಜೊತೆಗೇ ಬರುವ `ffprobe` ಅನ್ನು ಹೀಗೆ ಕೇಳಿದೆ:

```
ffprobe -v error -select_streams v:0 -show_entries stream=r_frame_rate,duration,nb_frames -of default=nw=1 hagga.mp4
```

ಬಂದ ಉತ್ತರ:

```
r_frame_rate=30/1
duration=96.000000
nb_frames=2880
```

ಅಂದರೆ 96 ಸೆಕೆಂಡು, 2880 ಫ್ರೇಮ್. ಸೆಕೆಂಡಿಗೆ 240ರಂತೆ ಭಾಗಿಸಿದರೆ ನಿಜವಾದ ಅವಧಿ 12 ಸೆಕೆಂಡು. ಫೋನಿನ ಸೆಟ್ಟಿಂಗ್ 240 ಎನ್ನುತ್ತಿದ್ದರೂ ನಂಬಲಿಲ್ಲ. ಪುಣ್ಯಕ್ಕೆ ಚಿತ್ರದ ಮೂಲೆಯಲ್ಲಿ ಗೋಡೆ ಗಡಿಯಾರ ಸಿಕ್ಕಿತ್ತು. ಅದರ ಸೆಕೆಂಡಿನ ಮುಳ್ಳು ಒಂದು ಮನೆ ದಾಟಲು ವಿಡಿಯೊದಲ್ಲಿ ಎಂಟು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಎಂಟು ಪಟ್ಟು ಎಂಬುದು ಖಾತ್ರಿಯಾಯಿತು.

ಮೊದಲ ಸಂಜೆ ಫ್ರೇಮ್‌ಗಳ ಸಮಯವನ್ನಷ್ಟೇ ಕುಗ್ಗಿಸಿದೆ. ಬಂದದ್ದು ಸೆಕೆಂಡಿಗೆ 240 ಫ್ರೇಮ್‌ನ 12 ಸೆಕೆಂಡಿನ ಕಡತ. ನನ್ನ ಫೋನಿನಲ್ಲಿ ಚೆನ್ನಾಗಿಯೇ ಓಡಿತು. ಟಿವಿಗೆ ಹಾಕಿದಾಗ ಒಮ್ಮೆ ನಿಂತು ಒಮ್ಮೆ ಹಾರಿ, ಪ್ರತಿ ಸಲವೂ ಬೇರೆ ಬೇರೆ ಕಡೆ ಎಡವಿತು. ಎಡವುವ ಜಾಗ ಹೀಗೆ ಬದಲಾಗುತ್ತಿದ್ದರೆ ದೋಷ ಚಿತ್ರದಲ್ಲಿಲ್ಲ. ಅಷ್ಟು ಫ್ರೇಮ್‌ಗಳನ್ನು ಬಿಚ್ಚಿ ತೋರಿಸಲು ಟಿವಿಗೆ ಆಗುತ್ತಿಲ್ಲ, ಸಿಕ್ಕಿದ್ದನ್ನು ಬಿಟ್ಟು ಮುಂದೆ ಹೋಗುತ್ತಿದೆ ಎಂದರ್ಥ. 30ಕ್ಕೋ 60ಕ್ಕೋ ಇಳಿಸಿದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಇಳಿಸುವಾಗ ಸಂಖ್ಯೆ ನಿಶ್ಶೇಷವಾಗಿ ಭಾಗವಾಗಬೇಕು. 240ರಿಂದ 30 ಬೇಕೆಂದರೆ ಪ್ರತಿ ಎಂಟನೆಯದನ್ನು ಆರಿಸಿದರಾಯಿತು. ಆದರೆ 120 ಫ್ರೇಮ್‌ನ ವಿಡಿಯೊವನ್ನು 25ಕ್ಕೆ ಇಳಿಸಿದರೆ 4.8 ಎಂಬ ಹೆಜ್ಜೆ ಬರುತ್ತದೆ. ಫ್ರೇಮ್‌ನಲ್ಲಿ ಭಿನ್ನರಾಶಿ ಇಲ್ಲವಲ್ಲ, ಹಾಗಾಗಿ ನಾಲ್ಕು ಸಲ ಐದು ಫ್ರೇಮ್ ದಾಟಿ, ಒಂದು ಸಲ ನಾಲ್ಕೇ ದಾಟುತ್ತದೆ. ಸೆಕೆಂಡಿಗೆ ಐದು ಬಾರಿ, ತಾಳ ಹಾಕಿದಂತೆ ಒಂದೇ ಸಮನೆ ಕುಂಟುತ್ತದೆ. ಎಡಿಟರ್‌ನ ಪ್ರಾಜೆಕ್ಟ್ ತಾನಾಗಿಯೇ 25ರಲ್ಲಿ ಕುಳಿತಿದ್ದರೆ ಹೀಗಾಗುವುದುಂಟು. ಒಮ್ಮೆ ನೋಡಿಕೊಳ್ಳುವುದು ಲೇಸು.

ಎರಡನೆಯ ಸಂಜೆ ಇದೆಲ್ಲವನ್ನೂ ಸರಿಪಡಿಸಿ, ಪ್ರತಿ ಎಂಟನೆಯ ಫ್ರೇಮನ್ನು ಲೆಕ್ಕ ತಪ್ಪದೆ ಆರಿಸಿದೆ. ಆದರೂ ಹಗ್ಗ ತಿರುಗುತ್ತಿರಲಿಲ್ಲ. ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸಿಕೊಳ್ಳುತ್ತಿತ್ತು, ಮಿಂಚಿನ ಬೆಳಕಿನಲ್ಲಿ ಕಂಡ ಹಾಗೆ. ಇಲ್ಲಿ ಎಡವುವ ಜಾಗವೂ ಇಲ್ಲ, ತಾಳವೂ ಇಲ್ಲ. ಇಡೀ ಚಲನೆಯೇ ಗರಗಸದ ಹಲ್ಲಿನಂತೆ ಒರಟು.

ವಿಎಲ್‌ಸಿಯಲ್ಲಿ `e` ಕೀಲಿ ಒತ್ತುತ್ತಾ ಫ್ರೇಮ್ ಫ್ರೇಮಾಗಿ ನೋಡಿದೆ. ಪ್ರತಿ ಫ್ರೇಮ್‌ನಲ್ಲೂ ಹಗ್ಗ ಉಕ್ಕಿನ ತಂತಿಯಷ್ಟು ಸ್ಪಷ್ಟ. ಹಾರುವ ಜಡೆಯ ಒಂದೊಂದು ಎಳೆಯೂ ಎಣಿಸುವಂತಿತ್ತು. ಆ ಸ್ಪಷ್ಟತೆಯೇ ರೋಗವೆಂದು ಆಗ ಹೊಳೆಯಿತು. ಸೆಕೆಂಡಿಗೆ 240 ಫ್ರೇಮ್ ತೆಗೆಯುವಾಗ ಒಂದು ಫ್ರೇಮ್‌ಗೆ ಬೆಳಕು ಬೀಳುವ ಸಮಯ ಹೆಚ್ಚೆಂದರೆ 1/240 ಸೆಕೆಂಡು. ಬಿಸಿಲಿದ್ದರೆ ಫೋನ್ ಶಟರ್ ಅನ್ನು ಇನ್ನೂ ಬೇಗ ಮುಚ್ಚುತ್ತದೆ. ಹುಡುಗಿ ಸೆಕೆಂಡಿಗೆ ಸುಮಾರು ಎರಡು ಸುತ್ತು ಹಗ್ಗ ಬೀಸುತ್ತಿದ್ದಳು, ಅಂದರೆ 720 ಡಿಗ್ರಿ. 30 ಫ್ರೇಮ್‌ಗೆ ಇಳಿಸಿದಾಗ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಹಗ್ಗ 24 ಡಿಗ್ರಿ ಸರಿದಿರುತ್ತದೆ. ಇದನ್ನೇ ಸಾಮಾನ್ಯ ವಿಡಿಯೊದಲ್ಲಿ 1/60 ಸೆಕೆಂಡಿನ ಶಟರ್‌ನಿಂದ ತೆಗೆದಿದ್ದರೆ, ಆ 24ರಲ್ಲಿ 12 ಡಿಗ್ರಿಯಷ್ಟು ಜಾಗವನ್ನು ಹಗ್ಗದ ಮಸುಕು ತುಂಬುತ್ತಿತ್ತು. ಕಣ್ಣು ಆ ಮಸುಕನ್ನೇ ಚಲನೆಯೆಂದು ಓದುತ್ತದೆ. ನನ್ನ ಚಿತ್ರದಲ್ಲಿ ಒಂದು ಗೆರೆ, ಬರಿದಾದ ಜಾಗ, ಮತ್ತೊಂದು ಗೆರೆ.

ಆ ಬರಿದಾದ ಜಾಗದಲ್ಲಿ ಹಗ್ಗ ಎಲ್ಲೆಲ್ಲಿತ್ತು ಎಂಬುದು ನಾನು ಎಸೆದ ಏಳು ಫ್ರೇಮ್‌ಗಳಲ್ಲೇ ಇತ್ತು. ಎಸೆಯುವ ಬದಲು ಅವುಗಳ ಸರಾಸರಿ ತೆಗೆದರೆ, ಶಟರ್ ಹೆಚ್ಚು ಹೊತ್ತು ತೆರೆದಿದ್ದರೆ ಆಗುತ್ತಿದ್ದ ಮಸುಕು ಹತ್ತಿರ ಹತ್ತಿರ ಮರಳಿ ಬರುತ್ತದೆ. `ffmpeg`ನಲ್ಲಿ ಇದಕ್ಕೆ `tmix` ಎಂಬ ಫಿಲ್ಟರ್ ಇದೆ.

ಆಸೆಬುರುಕನಾಗಿ ಮೊದಲು ಎಂಟಕ್ಕೆ ಎಂಟನ್ನೂ ಬೆರೆಸಿದೆ. ಹಗ್ಗ ನುಣುಪಾಗಿ ಸುತ್ತಿತು, ಆದರೆ ಹುಡುಗಿಯ ಮುಖ ಮೇಣದಂತೆ ಕರಗಿತು. 30 ಫ್ರೇಮ್‌ನ ವಿಡಿಯೊದಲ್ಲಿ ಶಟರ್ ಮುಚ್ಚದೆಯೇ ಚಿತ್ರೀಕರಿಸಿದ ಹಾಗಾಯಿತು ಅದು. ನಾಲ್ಕಕ್ಕೆ ಇಳಿಸಿದಾಗ ಮುಖ ಮರಳಿ ಬಂತು. ಹಗ್ಗದ ಜಾಗದಲ್ಲಿ ಮಾತ್ರ ಒಂದೇ ಗಾಢತೆಯ ನಾಲ್ಕು ಎಳೆಗಳು, ಬಾಚಣಿಗೆಯಂತೆ. ಕೊನೆಗೆ ಐದು ಫ್ರೇಮ್ ತೆಗೆದುಕೊಂಡು, ಅಂಚಿನ ಎರಡಕ್ಕೆ ಅರ್ಧ ತೂಕ ಕೊಟ್ಟೆ. ಅಂಚುಗಳು ತೆಳುವಾಗಿ ಬಾಚಣಿಗೆ ಬಹುಮಟ್ಟಿಗೆ ಮರೆಯಾಯಿತು. ನನಗೆ ಒಪ್ಪಿಗೆಯಾದದ್ದು ಇದು:

```
ffmpeg -i hagga.mp4 -vf "setpts=N/240/TB,tmix=frames=5:weights='1 2 2 2 1',fps=30" -an -c:v libx264 -crf 18 hagga30.mp4
```

`setpts` ಭಾಗವು ಫ್ರೇಮ್‌ಗಳಿಗೆ 240ರ ಲೆಕ್ಕದಲ್ಲಿ ಹೊಸದಾಗಿ, ಸಮನಾಗಿ ಸಮಯ ಬರೆಯುತ್ತದೆ. ಆಮೇಲೆ ಬೆರಕೆ, ಅದಾದ ಮೇಲೆ 30ಕ್ಕೆ ಇಳಿಕೆ. ಈ ಕ್ರಮ ತಪ್ಪಬಾರದು. ಒಮ್ಮೆ ಅವಸರದಲ್ಲಿ `fps=30` ಅನ್ನು ಮುಂದೆ ಹಾಕಿಬಿಟ್ಟಿದ್ದೆ: ಮೊದಲು ಎಸೆದು ಆಮೇಲೆ ಬೆರೆಸಿದ್ದರಿಂದ, 24 ಡಿಗ್ರಿ ಅಂತರದ ಐದು ಹಗ್ಗಗಳು ಒಟ್ಟಿಗೆ ಕಂಡವು, ಹುಡುಗಿಗೆ ನಾಲ್ಕು ಕಾಲು ಬಂದಿದ್ದವು. `-an` ಹಾಕಿದ್ದು ದನಿಯೇ ಇರಲಿಲ್ಲವಾದ್ದರಿಂದ. ನನ್ನ ಫೋನ್ ಈ ಬಗೆಯ ಚಿತ್ರೀಕರಣದಲ್ಲಿ ದನಿಯನ್ನು ಉಳಿಸುವುದಿಲ್ಲ. ಕಡತ ನಿಜಕ್ಕೂ 240ರಲ್ಲೇ ಇದ್ದರೆ `setpts` ತುಂಡನ್ನು ತೆಗೆದು ಆ ಜಾಗದಲ್ಲಿ `fps=240` ಎಂದು ಹಾಕಿ, `-an` ಬದಲು `-c:a copy` ಬರೆಯಬೇಕು. ಫೋನ್‌ಗಳು ಫ್ರೇಮ್‌ಗಳನ್ನು ಗಡಿಯಾರದಷ್ಟು ಕರಾರುವಾಕ್ಕಾಗಿ ಬರೆಯುವುದಿಲ್ಲ. ಆ ಏರುಪೇರನ್ನು `fps=240` ಸಮಮಾಡುತ್ತದೆ, ಚಿತ್ರ ಮತ್ತು ದನಿ ಜೊತೆ ಬಿಡುವುದಿಲ್ಲ.

ಒಂದು ಲಾಭ ಕೇಳದೆಯೇ ಬಂತು. ಸ್ಲೋ ಮೋಷನ್ ಚಿತ್ರದ ನೆರಳಿನ ಭಾಗಗಳಲ್ಲಿ ಕುಣಿಯುತ್ತಿದ್ದ ಕಾಳುಗಳು ಸರಾಸರಿಯಲ್ಲಿ ಅರ್ಧಕ್ಕರ್ಧ ಅಡಗಿದವು.

ಇನ್ನು ಮಿತಿ. ಈಗಲೂ ವಿಡಿಯೊ ನಿಲ್ಲಿಸಿ ನೋಡಿದರೆ ಹಗ್ಗ ಐದು ಎಳೆಯಾಗಿಯೇ ಕಾಣುತ್ತದೆ. 240ರಲ್ಲೂ ಎರಡು ಫ್ರೇಮ್‌ಗಳ ನಡುವೆ ಹಗ್ಗ 3 ಡಿಗ್ರಿ ಸರಿಯುತ್ತದೆ. ಕೈಯಿಂದ ಒಂದು ಮೀಟರ್ ದೂರದ ತುದಿಯಲ್ಲಿ ಅದು ಸುಮಾರು 5 ಸೆಂಟಿಮೀಟರ್, ಹಗ್ಗದ ದಪ್ಪಕ್ಕಿಂತ ಎಷ್ಟೋ ಹೆಚ್ಚು. ಓಡುವಾಗ ಕಣ್ಣಿಗೆ ಬೀಳುವುದಿಲ್ಲ. ನಡುವಿನ ಫ್ರೇಮ್‌ಗಳನ್ನು ಊಹಿಸಿ ಹುಟ್ಟಿಸುವ `minterpolate` ಅನ್ನೂ ಪ್ರಯತ್ನಿಸಿದೆ. ಬಹಳ ಹೊತ್ತು ಕಾಯಿಸಿ, ಹಗ್ಗವನ್ನು ನಾಲ್ಕಾರು ತುಂಡು ಮಾಡಿ ಕೊಟ್ಟಿತು. ತೆಳುವಾದ ವಸ್ತು ತನ್ನ ದಪ್ಪಕ್ಕಿಂತ ದೂರ ಜಿಗಿದರೆ ಅದು ಎಲ್ಲಿಗೆ ಹೋಯಿತೆಂದು ಹುಡುಕುವುದು ಅಂಥ ಫಿಲ್ಟರ್‌ಗೆ ಕಷ್ಟ. ಬಿಟ್ಟೆ.

ಭಾವನ ಫೋನಿನಿಂದ ಬಂದ ಇನ್ನೊಂದು ವಿಡಿಯೊ ನನ್ನನ್ನು ಪೂರ್ತಿ ಸೋಲಿಸಿತು. ಅದರಲ್ಲಿ ಆರಂಭ ಮತ್ತು ಕೊನೆ ಮಾಮೂಲಿ ವೇಗ, ನಡುವೆ ಮಾತ್ರ ನಿಧಾನ, ಮೂರೂ ಒಂದೇ 30 ಫ್ರೇಮ್‌ನ ಕಡತದಲ್ಲಿ ಅಚ್ಚಾಗಿದ್ದವು. ಇಡಿಯಾಗಿ ಎಂಟು ಪಟ್ಟು ಮಾಡಿದರೆ ಅಂಚುಗಳು ರಾಕೆಟ್‌ನಂತೆ ಓಡುತ್ತವೆ. ಮೂರು ತುಂಡು ಮಾಡಿ ನಡುವಿನದನ್ನಷ್ಟೇ ಬೆರೆಸಿ ಜೋಡಿಸಿದೆ. ವೇಗ ಸರಿಹೋಯಿತು, ಆದರೆ ಅಂಚಿನ ತುಂಡುಗಳಲ್ಲಿ ಬೆರೆಸಲು ಫ್ರೇಮ್‌ಗಳೇ ಉಳಿದಿಲ್ಲ, ಫೋನ್ ಮೊದಲೇ ಎಸೆದಿದೆ. ಅಲ್ಲಿ ಚೂಪು, ನಡುವೆ ನಯ. ಹೊಲಿಗೆ ಎದ್ದು ಕಾಣುತ್ತದೆ. ಅದಕ್ಕೆ ಮದ್ದು ಸಿಗಲಿಲ್ಲ.

ನನ್ನ 96 ಸೆಕೆಂಡಿನ ಮೂಲ ಕಡತವನ್ನು ಅಳಿಸಿಲ್ಲ. ಹುಡುಗಿ 23 ಜಿಗಿದೆನೆಂದು ಹಟ ಹಿಡಿದಿದ್ದಳು, ನಿಧಾನದಲ್ಲಿ ಎಣಿಸಿದಾಗ 22 ಬಂತು. ಕೊನೆಯ ಜಿಗಿತದಲ್ಲಿ ಹಗ್ಗ ಅವಳ ಹೆಬ್ಬೆರಳಿಗೆ ತಾಗಿಕೊಂಡೇ ಹೋಗಿರುವುದು ಒಂದೇ ಒಂದು ಫ್ರೇಮ್‌ನಲ್ಲಿ ಸ್ಪಷ್ಟವಾಗಿದೆ. ಬೆರೆಸಿದ ವಿಡಿಯೊದಲ್ಲಿ ಅದು ಮಸುಕಿನೊಳಗೆ ಸೇರಿಹೋಯಿತು. ಅವಳಿಗೆ ಕಳುಹಿಸಿದ್ದು ಅದನ್ನೇ.